ನಗರಸಭೆಯ ಶಬ್ದದ ಬೈಲಾ ಜನರಿಗೆ ಅರ್ಥವಾಗುವಂತೆ ತಿದ್ದಿ ಬರೆಯುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ವಾರ್ಡ್ ಸಮಿತಿಯವರು, ನಗರಸಭೆ ಸದಸ್ಯರು, ಬಡಾವಣೆ ಸಂಘದವರು ಶಬ್ದದ ಬೈಲಾ ತಿದ್ದಲು ಕೂತಾಗ ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಹಳೇ ವಾಕ್ಯದಲ್ಲಿರುವ ಕಷ್ಟದ ಪದ ತೆಗೆದು ಸುಲಭದ ಪದ ಹಾಕುತ್ತಾರೆ. 'ತಕ್ಕದ್ದಲ್ಲ' ಹೋಗಿ 'ಬಾರದು' ಬರುತ್ತದೆ. ಓದಲು ಸಲೀಸಾಗುತ್ತದೆ, ಆದರೆ ಗೊಂದಲ ಹಾಗೇ ಉಳಿಯುತ್ತದೆ. ರಾತ್ರಿ ಹತ್ತೂವರೆಗೆ ಪಕ್ಕದ ಬೀದಿಯಲ್ಲಿ ಡಿಜೆ ಹಾಕಿದರೆ ಅದು ತಪ್ಪೋ ಅಲ್ಲವೋ ಅಂತ ತಿದ್ದಿದ ಬೈಲಾ ಓದಿದರೂ ಗೊತ್ತಾಗುವುದಿಲ್ಲ.

ಇಲ್ಲಿ ಒಂದೇ ಒಂದು ಪ್ಯಾರಾ ತೆಗೆದುಕೊಂಡು ಕೊನೆಯವರೆಗೂ ತಿದ್ದೋಣ. ಕೊಪ್ಪಳದಂಥ ನಗರಸಭೆ ಅಂತ ಇಟ್ಟುಕೊಳ್ಳಿ. ಈ ಪ್ಯಾರಾ ಯಾವ ಊರಿನ ನಿಜವಾದ ಬೈಲಾದಿಂದಲೂ ತೆಗೆದದ್ದಲ್ಲ, ಅಭ್ಯಾಸಕ್ಕೆಂದು ನಾನೇ ಕಟ್ಟಿದ್ದು. ಆದರೆ ಇದರ ಧಾಟಿ ನಿಮಗೆ ಹೊಸದೇನೂ ಅನಿಸಲಿಕ್ಕಿಲ್ಲ:

> ನಗರಸಭಾ ವ್ಯಾಪ್ತಿಯಲ್ಲಿ ಯಾವುದೇ ವ್ಯಕ್ತಿಯು ಸಕ್ಷಮ ಪ್ರಾಧಿಕಾರದ ಲಿಖಿತ ಪೂರ್ವಾನುಮತಿ ಇಲ್ಲದೆ ಧ್ವನಿವರ್ಧಕ, ವಾದ್ಯ, ಜನರೇಟರ್, ಯಂತ್ರೋಪಕರಣ ಅಥವಾ ಇತರೆ ಶಬ್ದಕಾರಕ ಸಾಧನಗಳನ್ನು ರಾತ್ರಿ ವೇಳೆಯಲ್ಲಿ ಸಾರ್ವಜನಿಕರಿಗೆ ತೊಂದರೆಯಾಗುವಂತೆ ಬಳಸತಕ್ಕದ್ದಲ್ಲ. ಪರಂತು ಹಬ್ಬ, ಜಾತ್ರೆ, ಉರುಸು, ವಿವಾಹ ಮುಂತಾದ ಸಂದರ್ಭಗಳಲ್ಲಿ ಹಾಗೂ ತುರ್ತು ಕಾಮಗಾರಿಗಳಿಗೆ ಸಮಂಜಸ ಅವಧಿಯವರೆಗೆ ಇದು ಅನ್ವಯಿಸತಕ್ಕದ್ದಲ್ಲ. ಉಲ್ಲಂಘಿಸಿದವರು ನಿಯಮಾನುಸಾರ ದಂಡನೆಗೆ ಒಳಪಡತಕ್ಕದ್ದು.

## ಕೂರುವ ಮೊದಲು ಕೈಯಲ್ಲಿ ಏನಿರಬೇಕು

ಬೈಲಾದ ಈಗ ಚಾಲ್ತಿಯಲ್ಲಿರುವ ಪ್ರತಿ ಬೇಕು. ಯಾರದೋ ಫೋನಿನಲ್ಲಿರುವ ಹಳೇ ಫೋಟೋ ಸಾಲದು, ನಡುವೆ ತಿದ್ದುಪಡಿ ಆಗಿರಬಹುದು. ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಬೇಕು, ಮುಖ್ಯವಾಗಿ 2010 ಮತ್ತು 2017ರ ತಿದ್ದುಪಡಿ ಸೇರಿರುವ ಪ್ರತಿ. ನಗರಸಭೆಯಾದರೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ, ಬಳ್ಳಾರಿಯಂಥ ಮಹಾನಗರ ಪಾಲಿಕೆಯಾದರೆ 1976ರ ಪಾಲಿಕೆಗಳ ಕಾಯ್ದೆ ಪಕ್ಕದಲ್ಲಿರಲಿ. ರಾತ್ರಿ ಹನ್ನೆರಡರವರೆಗೆ ಧ್ವನಿವರ್ಧಕಕ್ಕೆ ಅವಕಾಶ ಇರುವ ದಿನಗಳ ಬಗ್ಗೆ ರಾಜ್ಯ ಸರ್ಕಾರ ಹೊರಡಿಸಿದ ಆದೇಶವನ್ನೂ ಹುಡುಕಿಡಿ. ಇಷ್ಟು ಕಾಗದ ಇಲ್ಲದೆ ಶುರು ಮಾಡಿದರೆ ಅರ್ಧ ದಾರಿಯಲ್ಲಿ ನಿಲ್ಲಬೇಕಾಗುತ್ತದೆ.

ಜೊತೆಗೆ ಖಾಲಿ ಹಾಳೆಗಳು, ಮೂರು ಬಣ್ಣದ ಪೆನ್. ಕಂಪ್ಯೂಟರ್ ಆಮೇಲೆ ತೆಗೆದರಾಯ್ತು.

## ಹಂತ 1: ಪ್ಯಾರಾ ಬಿಡಿಸಿ, ಇನ್ನೂ ಏನೂ ಬರೆಯಬೇಡಿ

ಒಂದು ಬಣ್ಣದಲ್ಲಿ ಸಮಯ ಹೇಳುವ ಮಾತು, ಇನ್ನೊಂದರಲ್ಲಿ ವಿನಾಯಿತಿ, ಮೂರನೆಯದರಲ್ಲಿ ದಂಡದ ಮಾತಿಗೆ ಗೆರೆ ಎಳೆಯಿರಿ. ನಮ್ಮ ಪ್ಯಾರಾದಲ್ಲಿ ಸಮಯದ ಬಣ್ಣ 'ರಾತ್ರಿ ವೇಳೆಯಲ್ಲಿ', 'ಸಮಂಜಸ ಅವಧಿಯವರೆಗೆ' ಎಂಬ ಎರಡೇ ಕಡೆ ಬರುತ್ತದೆ. ಎರಡರಲ್ಲೂ ಗಂಟೆ ಇಲ್ಲ. ದಂಡದ ಬಣ್ಣ 'ನಿಯಮಾನುಸಾರ' ಅನ್ನುವ ಒಂದು ಪದಕ್ಕೆ ಮುಗಿದುಹೋಗುತ್ತದೆ.

ಈಗ ಪ್ರತಿ ಗೆರೆಯ ಪಕ್ಕ ಒಂದು ಪ್ರಶ್ನೆ ಬರೆಯಿರಿ. ಅನುಮತಿ ಇದ್ದರೆ ರಾತ್ರಿಯೂ ಧ್ವನಿವರ್ಧಕ ಹಾಕಬಹುದಾ? ಪ್ಯಾರಾ ಓದಿದರೆ ಹೌದು ಅನಿಸುತ್ತದೆ, ಯಾಕೆಂದರೆ 'ಅನುಮತಿ ಇಲ್ಲದೆ' ಮತ್ತು 'ರಾತ್ರಿ' ಒಂದೇ ವಾಕ್ಯದಲ್ಲಿ ಅಂಟಿಕೊಂಡಿವೆ. ಹಗಲಲ್ಲಿ ಅನುಮತಿ ಬೇಡವಾ? ಬೇಡ ಅನಿಸುತ್ತದೆ. 'ತೊಂದರೆಯಾಗುವಂತೆ' ಅಂದರೆ ತೊಂದರೆ ಆಯಿತು ಅಂತ ಹೇಳುವವರು ಯಾರು? 'ಇದು ಅನ್ವಯಿಸತಕ್ಕದ್ದಲ್ಲ' ಅನ್ನುವಾಗ ಯಾವುದು ಅನ್ವಯಿಸುವುದಿಲ್ಲ, ಅನುಮತಿಯ ನಿಯಮವಾ, ರಾತ್ರಿಯ ನಿರ್ಬಂಧವಾ, ಎರಡೂನಾ?

ಪ್ರಶ್ನೆಗಳು ಹತ್ತು ದಾಟಿದರೆ ಗಾಬರಿ ಬೇಡ. ಎರಡು ಮೂರಕ್ಕೇ ನಿಂತರೆ ಅನುಮಾನ ಪಡಿ, ನೀವು ಸುಮ್ನೆ ಕಣ್ಣಾಡಿಸಿದ್ದೀರಿ ಅಂತ ಅರ್ಥ.

## ಹಂತ 2: ನಿಮ್ಮ ಕೈಯಲ್ಲಿ ಇರುವುದೇನು, ಇಲ್ಲದ್ದೇನು ಅಂತ ನೋಡಿ

ಹೆಚ್ಚಿನ ಕರಡುಗಳು ಬೀಳುವುದು ಇಲ್ಲೇ. ನಗರಸಭೆಯ ಬೈಲಾ ಕೇಂದ್ರದ ನಿಯಮಕ್ಕಿಂತ ಸಡಿಲ ಆಗುವಂತಿಲ್ಲ. ಆದ್ದರಿಂದ ಮೇಲಿನ ನಿಯಮ ಏನು ಹೇಳುತ್ತದೆ ಅಂತ ಮೊದಲು ತಿಳಿದುಕೊಳ್ಳಬೇಕು.

2000ದ ನಿಯಮಗಳಲ್ಲಿ ರಾತ್ರಿ ಎಂದರೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ. ಧ್ವನಿವರ್ಧಕ ಬಳಸಲು ಹಗಲಲ್ಲೂ ಲಿಖಿತ ಅನುಮತಿ ಬೇಕು. ರಾತ್ರಿ ಬಳಸುವಂತಿಲ್ಲ. ಇದಕ್ಕೆ ಹೊರತಾದದ್ದು ಎರಡು: ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗದ ಒಳಗೆ, ಒಳಗಿದ್ದವರಿಗೆ ಕೇಳಿಸಲು ಬಳಸುವುದು ಮತ್ತು ಸಾರ್ವಜನಿಕ ತುರ್ತು ಪರಿಸ್ಥಿತಿ. 2010ರ ತಿದ್ದುಪಡಿಯ ನಂತರ ಈ ರಾತ್ರಿಯ ನಿರ್ಬಂಧ ಧ್ವನಿವರ್ಧಕಕ್ಕೆ ಮಾತ್ರ ಉಳಿದಿಲ್ಲ, ವಾದ್ಯಗಳಿಗೂ ಇದೆ. ಅಂದರೆ ಮೈಕ್ ಇಲ್ಲದೆ ಬಾರಿಸುವ ಡೊಳ್ಳು, ಹಲಗೆಗೂ ಹತ್ತು ಗಂಟೆಯ ಗೆರೆ ಇದೆ. ಇದು ಗೊತ್ತಿಲ್ಲದೆ 'ಮೈಕ್ ಇಲ್ಲದಿದ್ದರೆ ಪರವಾಗಿಲ್ಲ' ಅಂತ ಬೈಲಾದಲ್ಲಿ ಬರೆದವರನ್ನು ನೋಡಿದ್ದೇನೆ.

ಹಬ್ಬದ ರಿಯಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರದ್ದು. ಸಾಂಸ್ಕೃತಿಕ, ಧಾರ್ಮಿಕ ಅಥವಾ ಹಬ್ಬದ ಸಂದರ್ಭಕ್ಕೆ ರಾತ್ರಿ 10ರಿಂದ 12ರವರೆಗೆ ಬಳಸಲು ಅದು ಅವಕಾಶ ಕೊಡಬಹುದು. ವರ್ಷಕ್ಕೆ ಒಟ್ಟು 15 ದಿನ ಮೀರುವಂತಿಲ್ಲ, ಯಾವ ದಿನಗಳು ಅಂತ ಮೊದಲೇ ಹೇಳಿರಬೇಕು. ನಗರಸಭೆ ತಾನಾಗಿ ಹದಿನಾರನೇ ದಿನ ಸೇರಿಸಲು ಬರುವುದಿಲ್ಲ, ಹನ್ನೆರಡನ್ನು ಒಂದು ಗಂಟೆ ಮಾಡಲೂ ಬರುವುದಿಲ್ಲ.

ನಮ್ಮ ಕಡೆ ಇದು ಕಹಿ ಮಾತು. ದೊಡ್ಡಾಟ ಶುರುವಾಗುವುದೇ ಊಟ ಮುಗಿದ ಮೇಲೆ, ಮುಗಿಯುವುದು ಬೆಳಗಿನ ಜಾವ. ಸದಸ್ಯರೊಬ್ಬರು 'ಆಟಕ್ಕೆ ಒಂದು ವಿನಾಯಿತಿ ಹಾಕ್ರೀ' ಅಂತ ಕೇಳಿಯೇ ಕೇಳುತ್ತಾರೆ. ಬೈಲಾದಲ್ಲಿ ಹಾಕಿದರೆ ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಮೇಲಾಗಿ ನಂಬಿ ಮೈಕ್ ಹಾಕಿದ ಮೇಳದವರು ಸಿಕ್ಕಿಬೀಳುತ್ತಾರೆ. ಆ ಬೇಡಿಕೆ ಹೋಗಬೇಕಾದ್ದು ರಾಜ್ಯ ಸರ್ಕಾರದ ದಿನಗಳ ಪಟ್ಟಿಗೆ, ಅದೂ ಹನ್ನೆರಡರವರೆಗೆ ಮಾತ್ರ.

ಹಾಗಾದರೆ ನಗರಸಭೆ ಏನು ಮಾಡಬಹುದು? ಮೇಲಿನ ನಿಯಮವನ್ನು ಊರಿನ ಜನರಿಗೆ ತಿಳಿಯುವಂತೆ ಹೇಳಬಹುದು. ತನ್ನ ಭವನ, ಮೈದಾನ ಬಾಡಿಗೆ ಕೊಡುವಾಗ ಷರತ್ತು ಹಾಕಬಹುದು. ತನ್ನ ಕಾಯ್ದೆ ಕೊಟ್ಟ ಮಿತಿಯೊಳಗೆ ದಂಡ ನಿಗದಿ ಮಾಡಬಹುದು. ಇಷ್ಟರೊಳಗೇ ಬರೆಯಿರಿ.

ಇನ್ನೊಂದು ವಿಷಯ 'ಸಕ್ಷಮ ಪ್ರಾಧಿಕಾರ'. ಕೇಂದ್ರದ ನಿಯಮದಲ್ಲಿ ಅದು ಜಿಲ್ಲಾ ಮ್ಯಾಜಿಸ್ಟ್ರೇಟ್, ಪೊಲೀಸ್ ಕಮಿಷನರ್ ಅಥವಾ ಡಿವೈಎಸ್ಪಿ ದರ್ಜೆಗಿಂತ ಕಡಿಮೆಯಲ್ಲದ, ನೇಮಿಸಲಾದ ಅಧಿಕಾರಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಪೊಲೀಸ್ ಕಮಿಷನರೇಟ್ ಇಲ್ಲ. ಅಂದಮೇಲೆ ಬೆಂಗಳೂರಿನ ಮಾದರಿ ನಕಲು ಮಾಡಿ 'ಪೊಲೀಸ್ ಆಯುಕ್ತರು' ಅಂತ ಬರೆದರೆ ಜನ ಯಾರ ಬಾಗಿಲು ತಟ್ಟಬೇಕು? ನಿಮ್ಮ ಊರಿನಲ್ಲಿ ಆ ಅಧಿಕಾರ ಯಾರಿಗೆ ಕೊಟ್ಟಿದ್ದಾರೆ ಅಂತ ಜಿಲ್ಲಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಆ ಹುದ್ದೆಯ ಹೆಸರನ್ನೇ ಬರೆಯಿರಿ. ವ್ಯಕ್ತಿಯ ಹೆಸರು ಬೇಡ, ವರ್ಗಾವಣೆ ಆಗುತ್ತಿರುತ್ತದೆ.

## ಹಂತ 3: ಬೇರೆ ಬೇರೆ ಶಬ್ದಗಳನ್ನು ಬೇರೆ ಮಾಡಿ

ಹಳೇ ಪ್ಯಾರಾ ಧ್ವನಿವರ್ಧಕ, ವಾದ್ಯ, ಜನರೇಟರ್, ಯಂತ್ರ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕಟ್ಟಿದೆ. ಪರಿಣಾಮ ನೋಡಿ. ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯಿತು. ನರ್ಸಿಂಗ್ ಹೋಮಿನವರು ಜನರೇಟರ್ ಹಾಕಲು 'ಪೂರ್ವಾನುಮತಿ' ಎಲ್ಲಿಂದ ತರಬೇಕು? ಕೇಂದ್ರದ ನಿಯಮ ರಾತ್ರಿ ಜನರೇಟರ್ ಹಾಕಬಾರದು ಅಂತ ಹೇಳುವುದಿಲ್ಲ, ಆದರೆ ಆ ಪ್ರದೇಶದ ಶಬ್ದದ ಮಿತಿ ಅದಕ್ಕೂ ಅನ್ವಯ. ಅದಕ್ಕೊಂದು ಪ್ರತ್ಯೇಕ ಸಾಲು ಬೇಕು.

ಕಟ್ಟಡ ಕೆಲಸದ ಯಂತ್ರಗಳದ್ದು ಮತ್ತೊಂದು ಲೆಕ್ಕ. ವಾಸದ ಪ್ರದೇಶದಲ್ಲಿ ಮತ್ತು ಆಸ್ಪತ್ರೆ, ಶಾಲೆಯಂಥ ಜಾಗದ ಸುತ್ತ ಸರ್ಕಾರ ಪ್ರಕಟಿಸಿದ ನಿಶ್ಶಬ್ದ ವಲಯದಲ್ಲಿ ಶಬ್ದ ಮಾಡುವ ಕಾಮಗಾರಿ ಯಂತ್ರಗಳನ್ನು ರಾತ್ರಿ ಬಳಸುವಂತಿಲ್ಲ. ಆದರೆ ನಮ್ಮೂರಿನ ನಿಜವಾದ ಜಗಳ ಮಿಕ್ಸರ್ ಬಗ್ಗೆ ಅಲ್ಲ, ಬೋರ್‌ವೆಲ್ ಲಾರಿ ಬಗ್ಗೆ. ಸಂಜೆ ಏಳಕ್ಕೆ ಬಂದು ನಿಂತು ಬೆಳತನಕ ಕೊರೆಯುತ್ತದೆ. ಅದು 'ಕಾಮಗಾರಿ ಯಂತ್ರ'ವಾ? ಲಾರಿಯವರು ಅಲ್ಲ ಅನ್ನುತ್ತಾರೆ, ಪಕ್ಕದ ಮನೆಯವರು ಹೌದು ಅನ್ನುತ್ತಾರೆ. ಬೈಲಾದಲ್ಲಿ ಹೆಸರು ಹೇಳಿಬಿಟ್ಟರೆ ಆ ವಾದ ಮುಗಿಯುತ್ತದೆ. ಹೀಗೆ ಹೆಸರು ಸೇರಿಸಲು ನಿಮ್ಮ ಕಾಯ್ದೆಯಲ್ಲಿ ಯಾವ ಅಧಿಕಾರ ಇದೆ ಅಂತ ನಗರಸಭೆಯ ವಕೀಲರಿಂದ ಒಂದು ಸಾಲು ಬರೆಸಿಕೊಳ್ಳಿ.

ಬೋರ್‌ವೆಲ್‌ಗೆ ನಿಲ್ಲಿಸುವ ಸಮಯ ಮಾತ್ರ ಬರೆದರೆ ಸಾಲದು, ಶುರು ಮಾಡುವ ಕೊನೆಯ ಸಮಯವನ್ನೂ ಬರೆಯಬೇಕು. ಇಲ್ಲದಿದ್ದರೆ ಹತ್ತು ಗಂಟೆಗೆ 'ಅರ್ಧಕ್ಕೆ ನಿಲ್ಲಿಸಿದರೆ ಬೋರ್ ಕುಸಿಯುತ್ತೆ' ಅನ್ನುವ ಮಾತು ಬರುತ್ತದೆ. ಮೇಲಿನ ಸಡಿಲ ಮಣ್ಣಿಗೆ ಕೇಸಿಂಗ್ ಇಳಿಸುವ ಮೊದಲು ಆ ಮಾತಿನಲ್ಲಿ ನಿಜ ಇದೆ. ಕೇಸಿಂಗ್ ಇಳಿಸಿ ಗಟ್ಟಿ ಕಲ್ಲಿಗೆ ಬಂದ ಮೇಲೆ ಅಷ್ಟಿಲ್ಲ. ಎಷ್ಟು ಗಂಟೆಗೆ ಶುರು ಮಾಡಿದರೆ ಹತ್ತರೊಳಗೆ ಮುಗಿಯುತ್ತದೆ ಅಂತ ಊರಿನ ಎರಡು ಮೂರು ರಿಗ್‌ನವರನ್ನೇ ಕೇಳಿ ಸಮಯ ಗೊತ್ತು ಮಾಡಿ.

## ಹಂತ 4: ಗಂಟೆ ಬರೆಯುವಾಗ ಎರಡೂ ತುದಿ ಬರೆಯಿರಿ

'ರಾತ್ರಿ 10ರ ನಂತರ ಬಳಸಬಾರದು' ಅನ್ನುವುದು ಅರ್ಧ ವಾಕ್ಯ. ಎಲ್ಲಿಯವರೆಗೆ? ಬೆಳಗ್ಗೆ 5ಕ್ಕೆ ಸುಪ್ರಭಾತವೋ ಅಜಾನೋ ಧ್ವನಿವರ್ಧಕದಲ್ಲಿ ಬಂದರೆ ಅದು 'ರಾತ್ರಿ'ಯಾ, 'ಬೆಳಗ್ಗೆ'ಯಾ? ನಿಯಮದ ಪ್ರಕಾರ 6ರವರೆಗೂ ರಾತ್ರಿಯೇ, ಗುಡಿ, ಮಸೀದಿ, ಚರ್ಚ್ ಎಲ್ಲಕ್ಕೂ ಒಂದೇ. ಎರಡೂ ತುದಿ ಬರೆದರೆ ಈ ಜಗಳ ಬೈಲಾದ ಒಳಗೇ ತೀರುತ್ತದೆ.

ಮಧ್ಯರಾತ್ರಿ ದಾಟುವಾಗ ದಿನ ಬದಲಾಗುತ್ತದೆ, ಅಲ್ವಾ? 'ಶನಿವಾರ ರಾತ್ರಿ 12' ಅಂದರೆ ಶನಿವಾರ ಮುಗಿಯುವ ಹನ್ನೆರಡೋ, ಶುರುವಾಗುವ ಹನ್ನೆರಡೋ? 'ಒಂದು ದಿನದ ರಾತ್ರಿ 10ರಿಂದ ಮರುದಿನ ಬೆಳಗ್ಗೆ 6ರವರೆಗೆ' ಅಂತ ಬರೆದರೆ ಸಂಶಯವಿಲ್ಲ. ದಂಡ ಲೆಕ್ಕ ಹಾಕುವಾಗಲೂ ಇದು ಬೇಕು: ಶನಿವಾರ ಹನ್ನೊಂದಕ್ಕೂ ಭಾನುವಾರ ಬೆಳಗಿನ ಜಾವ ಒಂದಕ್ಕೂ ಮೈಕ್ ಇದ್ದರೆ ಅದು ಒಂದೇ ರಾತ್ರಿಯ ತಪ್ಪು.

'ತೊಂದರೆಯಾಗುವಂತೆ' ಅನ್ನುವ ಪದವನ್ನು ಸಮಯದ ಸಾಲಿನಿಂದ ತೆಗೆದುಬಿಡಿ. ಅದು ಇದ್ದರೆ ಹತ್ತರ ಮೇಲೆ ಮೈಕ್ ಇದ್ದರೂ 'ಯಾರಿಗೂ ತೊಂದರೆ ಆಗಿಲ್ಲ' ಅಂತ ತಪ್ಪಿಸಿಕೊಳ್ಳಬಹುದು. ಗಡಿಯಾರ ನೋಡಿದರೆ ಗೊತ್ತಾಗುವ ತಪ್ಪಿಗೆ ಸಾಕ್ಷಿ ಹುಡುಕುವ ಹಾಗೆ ಮಾಡಬೇಡಿ.

ಇದೇ ಕಾರಣಕ್ಕೆ ಡೆಸಿಬಲ್ ಸಾಲನ್ನು ಗಂಟೆಯ ಸಾಲಿನ ಕೆಳಗೆ, ಬೇರೆಯಾಗಿ ಇಡಿ. ಜನರ ಹತ್ತಿರ ಮೀಟರ್ ಇಲ್ಲ. ಫೋನಿನ ಆ್ಯಪ್ ತೋರಿಸುವ ಸಂಖ್ಯೆ ಅಳತೆಗೆ ತಪಾಸಣೆಯಾದ ಉಪಕರಣದ್ದಲ್ಲ, ಅದನ್ನು ನಂಬಿ ದಂಡ ಹಾಕಲಾಗದು. ಡೆಸಿಬಲ್ ಬರೆಯುವಾಗ ಎಲ್ಲೆಲ್ಲೂ '75' ಅಂತ ಹಾಕುವುದು ತೀರಾ ಸಾಮಾನ್ಯ ತಪ್ಪು. ವಾಸದ ಪ್ರದೇಶದ ಮಿತಿ ಹಗಲು 55, ರಾತ್ರಿ 45. ಸಾರ್ವಜನಿಕ ಜಾಗದ ಅಂಚಿನಲ್ಲಿ ಧ್ವನಿವರ್ಧಕದ ಶಬ್ದ ಆ ಪ್ರದೇಶದ ಮಿತಿಗಿಂತ 10 ಜಾಸ್ತಿ ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಹಾಗಾದರೆ ವಾಸದ ಬಡಾವಣೆಯಲ್ಲಿ ಹಗಲು 65. ವ್ಯಾಪಾರದ ಪ್ರದೇಶದ ಹಗಲಿನ ಮಿತಿ 65, ಅಲ್ಲಿ ಲೆಕ್ಕ 75ಕ್ಕೆ ಬರುತ್ತದೆ. ಈ ಕೂಡುವ ಕೆಲಸ ಓದುಗರ ಮೇಲೆ ಹಾಕದೆ ನೀವೇ ಮಾಡಿ ಉತ್ತರ ಬರೆಯಿರಿ.

## ಹಂತ 5: ವಿನಾಯಿತಿ, ಒಂದೊಂದಕ್ಕೂ ನಾಲ್ಕು ಪ್ರಶ್ನೆ

ಯಾರಿಗೆ? ಯಾವ ಸಾಲಿನಿಂದ ಬಿಡುಗಡೆ? ಎಷ್ಟು ಹೊತ್ತಿನವರೆಗೆ? ಯಾವ ಕಾಗದ ಬೇಕು? ಈ ನಾಲ್ಕಕ್ಕೂ ಉತ್ತರ ಇಲ್ಲದ ವಿನಾಯಿತಿಯನ್ನು ಕರಡಿನಲ್ಲಿ ಬಿಡಬೇಡಿ. 'ಮುಂತಾದ', 'ಇತ್ಯಾದಿ', 'ಇತರೆ ಸಂದರ್ಭ' ಕಂಡ ಕೂಡಲೇ ಹೊಡೆದುಹಾಕಿ. ಆ ಪದ ಇರುವ ತನಕ ಬರ್ತ್‌ಡೇ ಕೂಡ ಹಬ್ಬವೇ.

ಮದುವೆಯನ್ನು ನೋಡೋಣ. ಹಳೇ ಪ್ಯಾರಾದಲ್ಲಿ 'ವಿವಾಹ' ಅಂತ ಸುಲಭವಾಗಿ ಬಂದಿದೆ. ಕೇಂದ್ರದ ನಿಯಮದಲ್ಲಿ ಮದುವೆಗೆ ಪ್ರತ್ಯೇಕ ವಿನಾಯಿತಿಯೇ ಇಲ್ಲ, ಮುಚ್ಚಿದ ಜಾಗಕ್ಕೆ ಮಾತ್ರ ಇದೆ. ಆದ್ದರಿಂದ ಬರೆಯಬೇಕಾದ್ದು 'ಮದುವೆ' ಅಂತಲ್ಲ, 'ಮುಚ್ಚಿದ ಸಭಾಂಗಣ' ಅಂತ. ಜೊತೆಗೆ ಯಾವುದು ಮುಚ್ಚಿದ್ದಲ್ಲ ಅಂತ ಹೇಳಬೇಕು: ಬೀದಿಯ ಶಾಮಿಯಾನ, ಪೆಂಡಾಲ್, ಕಲ್ಯಾಣ ಮಂಟಪದ ಟೆರೇಸ್, ಅಂಗಳ. ನಮ್ಮಲ್ಲಿ ಆರತಕ್ಷತೆಯ ಆರ್ಕೆಸ್ಟ್ರಾ ನಡೆಯುವುದು ಮಂಟಪದ ಮುಂದಿನ ಖಾಲಿ ಜಾಗದಲ್ಲೇ. ಅದನ್ನು ಹೆಸರಿಸದೆ ಬಿಟ್ಟರೆ ಮಂಟಪದ ಮ್ಯಾನೇಜರ್ 'ನಮ್ಮದು ಹಾಲ್ ಐತಿ' ಅಂತಲೇ ವಾದಿಸುತ್ತಾರೆ.

ಜಾತ್ರೆ, ಉರುಸು, ಮೊಹರಂ, ಗಣೇಶ ವಿಸರ್ಜನೆಗಳ ಹೆಸರು ಬೈಲಾದಲ್ಲಿ ಬರೆಯುವ ಆಸೆ ಬೇಡ. ದಿನಗಳ ಪಟ್ಟಿ ಸರ್ಕಾರದ್ದು, ಬೈಲಾ ವರ್ಷಾನುಗಟ್ಟಲೆ ಇರುತ್ತದೆ. ಹೆಸರು ಬರೆದ ಹಬ್ಬ ಪಟ್ಟಿಯಲ್ಲಿ ಇಲ್ಲದೆ ಹೋದರೆ ಬೈಲಾ ಸುಳ್ಳು ಹೇಳಿದಂತೆ. 'ರಾಜ್ಯ ಸರ್ಕಾರ ಪ್ರಕಟಿಸಿದ ದಿನಗಳು' ಅಂತ ಬರೆದು, ಆ ವರ್ಷದ ಪಟ್ಟಿಯನ್ನು ನಗರಸಭೆ ನೋಟಿಸ್ ಬೋರ್ಡಿಗೆ ಹಾಕಬೇಕು ಅಂತ ಸೇರಿಸಿ. ಇನ್ನೊಂದು ಎಚ್ಚರ: ಸಮಯಕ್ಕೆ ಸಿಕ್ಕ ರಿಯಾಯಿತಿ ಶಬ್ದದ ಮಟ್ಟಕ್ಕೂ ಸಿಕ್ಕಿತು ಅಂತ ಓದುವಂತಿರಬಾರದು. ಯಾವ ಸಾಲಿನಿಂದ ಬಿಡುಗಡೆ ಅನ್ನುವ ಪ್ರಶ್ನೆ ಇರುವುದೇ ಇದಕ್ಕೆ.

'ತುರ್ತು ಕಾಮಗಾರಿ'ಯಲ್ಲಿ ಒಂದು ಬಿರುಕಿದೆ, ಬಹಳ ಜನ ಗಮನಿಸುವುದಿಲ್ಲ. ಧ್ವನಿವರ್ಧಕಕ್ಕೂ ಹಾರ್ನಿಗೂ 'ಸಾರ್ವಜನಿಕ ತುರ್ತು' ಅನ್ನುವ ಹೊರತು ನಿಯಮದಲ್ಲೇ ಇದೆ. ಕಾಮಗಾರಿ ಯಂತ್ರದ ಸಾಲಿನಲ್ಲಿ ಆ ಮಾತು ಇಲ್ಲ. ರಾತ್ರಿ ಕುಡಿಯುವ ನೀರಿನ ಮೇನ್ ಪೈಪ್ ಒಡೆದರೆ ನಗರಸಭೆಯೇ ಜೆಸಿಬಿ ತರುತ್ತದೆ, ತರಲೇಬೇಕು. ಆದರೆ ಬೈಲಾದಲ್ಲಿ 'ತುರ್ತು ಕಾಮಗಾರಿ' ಅಂತ ಬಿಡುಬೀಸಾಗಿ ಬರೆದರೆ ರಾತ್ರಿ ಸ್ಲ್ಯಾಬ್ ಹಾಕುವ ಪ್ರತಿ ಕಾಂಟ್ರಾಕ್ಟರೂ ತನ್ನದು ತುರ್ತು ಅನ್ನುತ್ತಾನೆ. ಕರಡಿನಲ್ಲಿ ಈ ಸಾಲಿನ ಪಕ್ಕ ಪ್ರಶ್ನೆ ಚಿಹ್ನೆ ಹಾಕಿ ವಕೀಲರಿಗೆ ಕಳಿಸಿ, ನೀವೇ ತೀರ್ಮಾನ ಮಾಡಬೇಡಿ.

## ಹಂತ 6: ದಂಡವನ್ನು ಮೂರು ತುಂಡು ಮಾಡಿ

'ನಿಯಮಾನುಸಾರ' ತೆಗೆದು ಮೂರು ಉತ್ತರ ಬರೆಯಿರಿ: ಯಾರು ಕಟ್ಟಬೇಕು, ಎಷ್ಟು, ಯಾವುದು ಒಂದು ತಪ್ಪು ಅಂತ ಲೆಕ್ಕ.

ಯಾರು ಅನ್ನುವುದು ಮುಖ್ಯ. ಡಿಜೆ ಮಾಲೀಕ ಕಾರ್ಯಕ್ರಮದವರ ಕಡೆ ಬೆರಳು ತೋರಿಸುತ್ತಾನೆ, ಅವರು ಜಾಗದ ಮಾಲೀಕರ ಕಡೆ. ಮೂವರನ್ನೂ ಹೆಸರಿಸಿ, ಯಾರ ಹೊಣೆ ಎಲ್ಲಿಯವರೆಗೆ ಅಂತ ಹೇಳಿ. ಎಷ್ಟು ಅನ್ನುವುದಕ್ಕೆ ನಿಮ್ಮ ಕಾಯ್ದೆಯಲ್ಲಿ ಬೈಲಾ ಉಲ್ಲಂಘನೆಗೆ ಇರುವ ಗರಿಷ್ಠ ಮೊತ್ತ ನೋಡಿ, ಅದರೊಳಗೇ ಸಂಖ್ಯೆ ಹಾಕಿ. 'ರೂ. 50,000' ಅಂತ ಜೋರಾಗಿ ಬರೆದು ಕಾಯ್ದೆ ಅಷ್ಟು ಬಿಡದಿದ್ದರೆ ಆ ಸಾಲು ಕಾಗದದಲ್ಲೇ ಉಳಿಯುತ್ತದೆ. 'ಮತ್ತೆ ತಪ್ಪು ಮಾಡಿದರೆ' ಅಂತ ಬರೆದರೆ ಎಷ್ಟು ದಿನದೊಳಗೆ ಅಂತಲೂ ಬರೆಯಿರಿ.

ನಗರಸಭೆಯ ದಂಡ ಬೇರೆ, ಪೊಲೀಸ್ ಕೇಸು ಬೇರೆ, ಪರಿಸರ ಕಾಯ್ದೆಯ ದಂಡ ಬೇರೆ. ಮೂರನ್ನೂ ಒಂದೇ ವಾಕ್ಯಕ್ಕೆ ತುರುಕಿದರೆ ಜನ ಹೆದರುತ್ತಾರೆ, ತಿಳಿಯುವುದಿಲ್ಲ. ಹಳೇ ಕರಡಿನ ಅಪಾಯದ ಗುರುತು ಇಲ್ಲೇ ಸಿಗುತ್ತದೆ. 'ಭಾರತೀಯ ದಂಡ ಸಂಹಿತೆ 268, 290' ಅಂತ ಕಂಡರೆ ಅದು ಹಳೇದು: 2024ರ ಜುಲೈ 1ರಿಂದ ಸಾರ್ವಜನಿಕ ಉಪದ್ರವ ಭಾರತೀಯ ನ್ಯಾಯ ಸಂಹಿತೆಯ 270ಕ್ಕೆ, ಅದರ ಶಿಕ್ಷೆ 292ಕ್ಕೆ ಬಂದಿದೆ. ಪರಿಸರ ಕಾಯ್ದೆಯಡಿ '5 ವರ್ಷ ಜೈಲು, 1 ಲಕ್ಷ ದಂಡ' ಅಂತಿದ್ದರೂ ಹಳೇದೇ. ಜನ ವಿಶ್ವಾಸ ಕಾಯ್ದೆಯ ತಿದ್ದುಪಡಿ 2024ರ ಏಪ್ರಿಲ್‌ನಲ್ಲಿ ಜಾರಿಯಾದ ಮೇಲೆ ಅಲ್ಲಿ 10,000 ರೂಪಾಯಿಯಿಂದ 15 ಲಕ್ಷದವರೆಗೆ ಹಣದ ದಂಡ ಇದೆ.

## ಹಂತ 7: ಈಗ ಬರೆಯಿರಿ

ಇಲ್ಲಿಯವರೆಗಿನ ಉತ್ತರಗಳನ್ನು ಜೋಡಿಸಿದರೆ ಹೀಗೆ ಬರುತ್ತದೆ. ಚೌಕ ಕಂಸದಲ್ಲಿರುವುದನ್ನು ನಿಮ್ಮ ಊರಿನ ಕಾಗದ ನೋಡಿ ತುಂಬಬೇಕು.

> 1. ರಾತ್ರಿ ಎಂದರೆ: ಒಂದು ದಿನದ ರಾತ್ರಿ 10 ಗಂಟೆಯಿಂದ ಮರುದಿನ ಬೆಳಗ್ಗೆ 6 ಗಂಟೆಯವರೆಗೆ.
>
> 2. ಧ್ವನಿವರ್ಧಕ ಮತ್ತು ವಾದ್ಯ: ರಾತ್ರಿ ಯಾರೂ ಧ್ವನಿವರ್ಧಕ, ಡಿಜೆ, ಬ್ಯಾಂಡ್, ಡೊಳ್ಳು, ಹಲಗೆ ಅಥವಾ ಬೇರೆ ಯಾವುದೇ ವಾದ್ಯ ಬಳಸಬಾರದು.
>
> 3. ಅನುಮತಿ: ಹಗಲಲ್ಲಿ ಧ್ವನಿವರ್ಧಕ ಬಳಸಲು [ಅಧಿಕಾರಿಯ ಹುದ್ದೆ] ಅವರ ಲಿಖಿತ ಅನುಮತಿ ಇರಬೇಕು. ಈ ಅನುಮತಿ ಇದ್ದರೂ ರಾತ್ರಿ ಬಳಸುವಂತಿಲ್ಲ.
>
> 4. ಯಂತ್ರಗಳು: ವಾಸದ ಪ್ರದೇಶ ಮತ್ತು ನಿಶ್ಶಬ್ದ ವಲಯದಲ್ಲಿ ರಾತ್ರಿ ಕಾಂಕ್ರೀಟ್ ಮಿಕ್ಸರ್, ಜೆಸಿಬಿ, ಕಲ್ಲು ಕತ್ತರಿಸುವ ಯಂತ್ರ, ಬೋರ್‌ವೆಲ್ ಯಂತ್ರ ಅಥವಾ ಶಬ್ದ ಮಾಡುವ ಬೇರೆ ಕಾಮಗಾರಿ ಯಂತ್ರ ನಡೆಸಬಾರದು. ಈ ಪ್ರದೇಶಗಳಲ್ಲಿ ಬೋರ್‌ವೆಲ್ ಕೊರೆಯುವುದನ್ನು [ಸಮಯ]ದ ನಂತರ ಶುರು ಮಾಡಬಾರದು.
>
> 5. ಜನರೇಟರ್: ಕರೆಂಟ್ ಇಲ್ಲದಾಗ ಜನರೇಟರ್ ಬಳಸಲು ಈ ಬೈಲಾದಡಿ ಅನುಮತಿ ಬೇಡ. ಶಬ್ದದ ಮಿತಿ ಅದಕ್ಕೂ ಅನ್ವಯಿಸುತ್ತದೆ.
>
> 6. ವಿನಾಯಿತಿ: 2ನೇ ಸಾಲಿಗೆ ಈ ಮೂರು ವಿನಾಯಿತಿ ಮಾತ್ರ ಇವೆ.
> (ಕ) ಮುಚ್ಚಿದ ಸಭಾಂಗಣದ ಒಳಗೆ, ಒಳಗಿರುವವರಿಗಾಗಿ ಬಳಸುವುದು. ಶಾಮಿಯಾನ, ಪೆಂಡಾಲ್, ಟೆರೇಸ್, ಅಂಗಳ ಮುಚ್ಚಿದ ಜಾಗ ಅಲ್ಲ.
> (ಖ) ರಾಜ್ಯ ಸರ್ಕಾರ ಮೊದಲೇ ಪ್ರಕಟಿಸಿದ ದಿನಗಳಲ್ಲಿ, ಅದೇ ದಿನದ ರಾತ್ರಿ 10ರಿಂದ 12ರವರೆಗೆ. ಧ್ವನಿವರ್ಧಕಕ್ಕೆ ಆ ಅವಧಿಯನ್ನು ಹೇಳುವ ಲಿಖಿತ ಅನುಮತಿ ಇರಬೇಕು. ಆ ವರ್ಷದ ದಿನಗಳ ಪಟ್ಟಿ ನಗರಸಭೆಯ ನೋಟಿಸ್ ಬೋರ್ಡಿನಲ್ಲಿ ಇರುತ್ತದೆ.
> (ಗ) ಬೆಂಕಿ, ಪ್ರವಾಹದಂಥ ಸಾರ್ವಜನಿಕ ತುರ್ತಿನಲ್ಲಿ ಜನರಿಗೆ ಎಚ್ಚರಿಕೆ ಕೊಡಲು.
> ಈ ವಿನಾಯಿತಿಗಳು ಶಬ್ದದ ಮಿತಿಯನ್ನು ಸಡಿಲಿಸುವುದಿಲ್ಲ.
>
> 7. ದಂಡ: 2, 3 ಅಥವಾ 4ನೇ ಸಾಲು ಮೀರಿದರೆ ಮೊದಲ ಸಲ ರೂ. [ಮೊತ್ತ], 12 ತಿಂಗಳೊಳಗೆ ಮತ್ತೆ ಮೀರಿದರೆ ರೂ. [ಮೊತ್ತ]. ರಾತ್ರಿಯ ತಪ್ಪಿಗೆ ಒಂದು ರಾತ್ರಿ, ಹಗಲಿನ ತಪ್ಪಿಗೆ ಒಂದು ದಿನ ಒಂದು ತಪ್ಪು. ಕಾರ್ಯಕ್ರಮ ಅಥವಾ ಕೆಲಸ ನಡೆಸುವವರು ಮತ್ತು ಉಪಕರಣದ ಮಾಲೀಕರು ಬೇರೆ ಬೇರೆಯಾಗಿ ಹೊಣೆ. ಬಾಡಿಗೆಗೆ ಕೊಟ್ಟ ಜಾಗದ ಮಾಲೀಕರು ಗೊತ್ತಿದ್ದೂ ತಡೆಯದಿದ್ದರೆ ಅವರೂ ಹೊಣೆ. ಪೊಲೀಸ್ ಕ್ರಮ ಇದಕ್ಕಿಂತ ಪ್ರತ್ಯೇಕ.

ಡೆಸಿಬಲ್ ಪಟ್ಟಿ ಮತ್ತು ನಿಶ್ಶಬ್ದ ವಲಯಗಳ ಪಟ್ಟಿ ಇದರ ಕೆಳಗೆ ಅನುಬಂಧವಾಗಿ ಬರಲಿ. ಆಸ್ಪತ್ರೆ, ಶಾಲೆ ಇದ್ದ ಕಡೆಯೆಲ್ಲ ತಾನಾಗಿ ನಿಶ್ಶಬ್ದ ವಲಯ ಅಂತ ಬರೆಯಬೇಡಿ. 2017ರ ತಿದ್ದುಪಡಿಯ ನಂತರ ರಾಜ್ಯ ಸರ್ಕಾರ ಪ್ರಕಟಿಸಿದ ಜಾಗ ಮಾತ್ರ ನಿಶ್ಶಬ್ದ ವಲಯ. ನಿಮ್ಮ ಊರಿನಲ್ಲಿ ಯಾವುದು ಪ್ರಕಟವಾಗಿದೆಯೋ ಅದರ ಹೆಸರು, ಗಡಿ ಬರೆಯಿರಿ.

ಹೊಸ ಪಠ್ಯ ಹಳೆಯದಕ್ಕಿಂತ ಉದ್ದ ಆಯಿತು ಅಂತ ಯಾರಾದರೂ ಗೊಣಗುತ್ತಾರೆ. ಗೊಣಗಲಿ. ಚಿಕ್ಕದು ಮಾಡಲು ಹೋಗಿ 3ನೇ ಸಾಲಿನ ಎರಡನೇ ವಾಕ್ಯ ತೆಗೆದರೆ ಮತ್ತೆ ಹಳೇ ಜಾಗಕ್ಕೇ ಬಂದು ನಿಲ್ಲುತ್ತೀರಿ.

## ಹಂತ 8: ಜನರ ಕೈಗೆ ಕೊಟ್ಟು ನೋಡಿ

'ಅರ್ಥ ಆಯ್ತಾ?' ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಸಂದರ್ಭ ಕೊಟ್ಟು ಉತ್ತರ ಕೇಳಿ, ಯಾವ ಸಾಲು ನೋಡಿ ಹೇಳಿದಿರಿ ಅಂತ ಬೆರಳಿಟ್ಟು ತೋರಿಸಲು ಹೇಳಿ. ಬೈಲಾ ಬರೆಯುವಾಗ ಇಲ್ಲದಿದ್ದವರನ್ನೇ ಆರಿಸಿ: ಒಬ್ಬ ಸೌಂಡ್ ಸಿಸ್ಟಂನವರು, ಒಬ್ಬ ಮಂಟಪದ ಮ್ಯಾನೇಜರ್, ಮನೆಯಲ್ಲಿ ವಯಸ್ಸಾದವರಿರುವ ಒಬ್ಬ ಗೃಹಿಣಿ, ಬೀಟ್ ಪೊಲೀಸರೊಬ್ಬರು.

ಈ ಪ್ರಶ್ನೆಗಳು ಸಾಕು. ಮಂಟಪದ ಮುಂದೆ ಶಾಮಿಯಾನ ಹಾಕಿ ರಾತ್ರಿ 10:20ಕ್ಕೆ ಆರ್ಕೆಸ್ಟ್ರಾ ನಡೆಯುತ್ತಿದೆ, ಅನುಮತಿ ಪತ್ರ ಇದೆ, ಆ ದಿನ ಸರ್ಕಾರದ ಪಟ್ಟಿಯಲ್ಲಿ ಇಲ್ಲ. ಸರಿಯೋ ತಪ್ಪೋ? ತಪ್ಪು, 2, 3 ಮತ್ತು 6(ಕ). ಪಟ್ಟಿಯಲ್ಲಿಲ್ಲದ ಜಾತ್ರೆಯ ರಾತ್ರಿ 11ಕ್ಕೆ ಮೈಕ್ ಇಲ್ಲದೆ ಡೊಳ್ಳು ಬಾರಿಸಿದರೆ? ತಪ್ಪು, 2. ವಾಸದ ಬಡಾವಣೆಯಲ್ಲಿ ರಾತ್ರಿ 8ಕ್ಕೆ ಬೋರ್‌ವೆಲ್ ಕೊರೆಯಲು ಶುರು ಮಾಡಿದರೆ? 4ನೇ ಸಾಲಿನಲ್ಲಿ ನೀವು ಹಾಕಿದ ಸಮಯ ನೋಡಬೇಕು. ಕ್ಲಿನಿಕ್‌ನ ಜನರೇಟರ್? ಅನುಮತಿ ಬೇಡ, 5.

ಈ ಸುತ್ತಿನಲ್ಲಿ ಜಾಸ್ತಿ ಎಡವಿಸುವ ಪ್ರಶ್ನೆ ಇನ್ನೊಂದಿದೆ. ಮಂಟಪದ ಒಳಗೇ ಸ್ಪೀಕರ್ ಇದೆ, ಬಾಗಿಲು ಕಿಟಕಿ ತೆರೆದಿವೆ, ರಾತ್ರಿ 11ಕ್ಕೆ ಬೀದಿಯ ತುದಿಯವರೆಗೂ ಹಾಡು ಕೇಳುತ್ತದೆ. ಮ್ಯಾನೇಜರ್ ಸರಿ ಅನ್ನುತ್ತಾರೆ, ಗೃಹಿಣಿ ತಪ್ಪು ಅನ್ನುತ್ತಾರೆ. ಉತ್ತರ ಎರಡಾಯಿತು ಅಂದರೆ ದೋಷ ಓದಿದವರದ್ದಲ್ಲ, ಸಾಲಿನದ್ದು. 6(ಕ)ಗೆ 'ಬಾಗಿಲು ಕಿಟಕಿ ಮುಚ್ಚಿರಬೇಕು' ಅಂತ ಸೇರಿಸಿ ಮತ್ತೆ ಬೇರೆಯವರ ಕೈಗೆ ಕೊಡಿ. ಮೊದಲು ಓದಿದವರಿಗೇ ಮತ್ತೆ ಕೊಟ್ಟರೆ ಅವರು ನೆನಪಿನಿಂದ ಉತ್ತರ ಹೇಳುತ್ತಾರೆ.

## ಹಂತ 9: ಸಭೆಗೆ ಒಯ್ಯುವಾಗ

ವಕೀಲರು ನೋಡಿದ ಪ್ರತಿಯನ್ನೇ ಸಭೆಗೆ ಒಯ್ಯಿರಿ. ಕರಡು ಪ್ರಕಟಿಸಿ ಆಕ್ಷೇಪಣೆ ಕೇಳುವುದು, ಸಭೆಯ ಒಪ್ಪಿಗೆ, ಸರ್ಕಾರದ ಮಂಜೂರಾತಿ, ಇವುಗಳ ಕ್ರಮ ನಿಮ್ಮ ಕಾಯ್ದೆಯಲ್ಲಿದ್ದಂತೆ ನಡೆಯಲಿ. ಆಕ್ಷೇಪಣೆ ಬಂದು ಒಂದು ಸಾಲು ಬದಲಾದರೆ ಹಂತ 8ರ ಪ್ರಶ್ನೆಗಳನ್ನು ಇನ್ನೊಮ್ಮೆ ಓಡಿಸಿ. ಸಭೆಯಲ್ಲಿ ಕೊನೇ ಗಳಿಗೆಗೆ ಯಾರೋ ಸೇರಿಸುವ 'ಇತ್ಯಾದಿ' ಇಡೀ 6ನೇ ಸಾಲನ್ನು ಕೆಡಿಸಬಲ್ಲದು, ಆದ್ದರಿಂದ ನಡಾವಳಿಗೆ ಸಹಿ ಆಗುವ ಮೊದಲು ಆ ಸಾಲು ಓದಿ ನೋಡಿ.

ಹೊಸ ಪಠ್ಯದ ಕೊನೆಯಲ್ಲಿ 'ಹಿಂದಿನ ಪ್ಯಾರಾ ರದ್ದಾಗಿದೆ' ಅಂತ ದಿನಾಂಕದ ಜೊತೆ ಬರೆದಿರಲೇಬೇಕು. ಮಂಜೂರಾತಿ ಬರುವ ತನಕ ಹಳೆಯದೇ ಜಾರಿಯಲ್ಲಿರುತ್ತದೆ, ಅಲ್ಲಿಯವರೆಗೆ ಹೊಸ ಸಾಲುಗಳನ್ನು ಫ್ಲೆಕ್ಸ್ ಮಾಡಿಸಿ ಸರ್ಕಲ್‌ನಲ್ಲಿ ಹಾಕಬೇಡಿ. ಜಾರಿಯಾದ ಮೇಲೆ ಹಾಕುವಾಗ ಪೂರ್ತಿ ಪಠ್ಯ ಬೇಡ, ರಾತ್ರಿಯ ಗಂಟೆ, ಮೂರು ವಿನಾಯಿತಿ, ದಂಡದ ಮೊತ್ತ ಮತ್ತು ದೂರು ಕೊಡಲು 112 ಇದ್ದರೆ ಸಾಕು.